ಬೆನ್ನಿನ ನೀರು, ಕೂಲರಿನ ನೀರು

ನಾಗಪುರದಲ್ಲಿ ನರರೋಗದ ವೈದ್ಯೆಯಾಗಿ ಇಷ್ಟು ವರ್ಷ ಕಳೆದ ಮೇಲೂ ನನಗೆ ಸಿಟ್ಟು ಬರಿಸುವ ಮಾತು ಒಂದೇ: 'ಕಮರ್ ಕಾ ಪಾನಿ', ಸೊಂಟದ ನೀರು. ಬೆನ್ನಿನ ಕೆಳಭಾಗಕ್ಕೆ ಸೂಜಿ ಹಾಕಿ, ಮೆದುಳು ಮತ್ತು ಬೆನ್ನಹುರಿಯ ಸುತ್ತ ಇರುವ ನೀರನ್ನು ಸ್ವಲ್ಪ ತೆಗೆದು ಪರೀಕ್ಷಿಸಬೇಕು ಎಂದು ನಾನು ಹೇಳಿದ ಕೂಡಲೇ ರೋಗಿಯ ಕಡೆಯವರ ಮುಖ ಕಪ್ಪಿಡುತ್ತದೆ. ಹೊಟ್ಟೆ ಕೊಯ್ಯುತ್ತೇನೆಂದರೆ 'ಯಾವಾಗ?' ಎಂದು ಕೇಳುವ ಜನ, ಈ ಸೂಜಿಗೆ ಮಾತ್ರ ಅಂಗಾತ ಬೀಳುತ್ತಾರೆ. ನೀರು ತೆಗೆದರೆ ಕಾಲು ಬಿದ್ದುಹೋಗುತ್ತದಂತೆ. ಯಾರಿಗೆ ಬಿದ್ದಿದೆ ಎಂದರೆ ಪಕ್ಕದ ಚಾಳಿನ ಒಬ್ಬಾಕೆ, ಊರಿನ ಮಾವನ ಅಳಿಯ. ಆ ಒಬ್ಬಾಕೆಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ಅವರಿಗೆ ಹೇಳುವುದಕ್ಕೆಂದೇ ನನ್ನ ಬಳಿ ಒಂದು ಶಾವಿಗೆಯ ಪಾಠವಿದೆ. ಬೆನ್ನಹುರಿ ಸೊಂಟದ ಮೇಲುಭಾಗದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ. ಪಾತ್ರೆಯ ನೀರಿನಲ್ಲಿ ಬೆಂದ ಶಾವಿಗೆ ಹಾಕಿ ಕಡ್ಡಿ ಆಡಿಸಿ, ಎಳೆಗಳು ಪಕ್ಕಕ್ಕೆ ಸರಿಯುತ್ತವೆ, ಹಾಗೆಯೇ ಇದು. ಕೆಲವರಿಗೆ ಒಂದೆರಡು ದಿನ ತಲೆನೋವು ಬರುತ್ತದೆ, ಅಷ್ಟೇ. ತೆಗೆದ ನೀರನ್ನು ದೇಹ ಕೆಲವೇ ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಹಿಂದಿಯಲ್ಲಿ, ನನ್ನ ಹರಕು ಮರಾಠಿಯಲ್ಲಿ ಈ ಪಾಠ ಒಪ್ಪಿಸಿ ಒಪ್ಪಿಸಿ ನನಗೆ ಶಾವಿಗೆ ಪಾಯಸವೇ ಬೇಡವಾಗಿದೆ.

ಆ ಒಂದಿಷ್ಟು ಹನಿ ನೀರು ಎಷ್ಟು ಹೇಳುತ್ತದೆ ಎಂಬುದು ಕಂಡವರಿಗೇ ಗೊತ್ತು. ಆರೋಗ್ಯವಂತರದು ನಲ್ಲಿಯ ನೀರಿನಷ್ಟು ತಿಳಿ. ಬ್ಯಾಕ್ಟೀರಿಯಾದಿಂದ ಮೆದುಳಿನ ಪೊರೆಯ ಉರಿಯೂತವಾದರೆ ಮಜ್ಜಿಗೆಯ ತಿಳಿಯಂತೆ ಕದಡಿ ಬರುತ್ತದೆ, ಸಕ್ಕರೆ ಇಳಿದಿರುತ್ತದೆ. ವೈರಸ್ಸಿನದಾದರೆ ನೋಡಲು ತಿಳಿ, ಸಕ್ಕರೆಯೂ ಸಾಮಾನ್ಯವಾಗಿ ನೆಟ್ಟಗೆ, ಬಿಳಿಕಣಗಳು ಮಾತ್ರ ಹೆಚ್ಚು. ಕೈಕಾಲು ಸೋತು ಬಂದವರ ನೀರಿನಲ್ಲಿ ಕಣಗಳಿಲ್ಲದೆ ಪ್ರೋಟೀನ್ ಮಾತ್ರ ಏರಿದ್ದರೆ, ದೇಹ ತನ್ನ ನರಗಳ ಮೇಲೆ ತಾನೇ ಎರಗಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಧರಮಪೇಠದ ಒಬ್ಬ ಬ್ಯಾಂಕ್ ನೌಕರೆಗೆ ಹುಚ್ಚು ಹಿಡಿದಿದೆಯೆಂದು ಮನೆಯವರು ಕೋಣೆಯಲ್ಲಿ ಕೂಡಿಹಾಕಿದ್ದರು. ಅವಳ ನೀರಿನಲ್ಲಿ ಮೆದುಳಿನ ಮೇಲೆಯೇ ತಿರುಗಿಬಿದ್ದ ಪ್ರತಿಕಾಯಗಳು ಸಿಕ್ಕವು. ಚಿಕಿತ್ಸೆಯಾಗಿ ಆಕೆ ಮತ್ತೆ ಕೌಂಟರಿನಲ್ಲಿ ಕೂತಳು. ಈ ನೀರು ನನಗೆ ಸುಳ್ಳು ಹೇಳಿದ್ದು ಕಡಿಮೆ. ಅದರ ಸುತ್ತ ನಿಂತ ಮನುಷ್ಯರು ಹೇಳಿದ ಸುಳ್ಳಿಗೆ ಲೆಕ್ಕವಿಲ್ಲ.

ಆ ಹುಡುಗಿಯನ್ನು ರಾಮದಾಸಪೇಠದ ನಮ್ಮ ಆಸ್ಪತ್ರೆಗೆ ಕರೆತಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ. ಮದುವೆಯಾಗಿ ವರ್ಷ ಕಳೆದಿತ್ತು. ಗಂಡ ರೈಲ್ವೆಯಲ್ಲಿ, ರಾತ್ರಿ ಪಾಳಿಯೇ ಹೆಚ್ಚು. ಜೊತೆಗೆ ಅವನ ತಾಯಿ. ಹುಬ್ಬಳ್ಳಿ ಕಡೆಯವರು, ಕನ್ನಡದವರು ಎಂದು ಗೊತ್ತಾಗಿ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಭಾಷೆಯವರು ಸಿಕ್ಕರೆ ಪರಊರಿನಲ್ಲಿ ಯಾರಿಗೆ ಆಗುವುದಿಲ್ಲ? ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ.

ಮೂರು ವಾರದಿಂದ ತಲೆನೋವು, ಸಂಜೆಯಾದರೆ ಸಣ್ಣ ಜ್ವರ, ವಾಂತಿ. ಓಣಿಯ ಡಾಕ್ಟರು ಟೈಫಾಯ್ಡ್ ಎಂದು ಔಷಧ ಕೊಟ್ಟಿದ್ದರು. ಆಮೇಲೆ ಹುಡುಗಿ ಒಲೆ ಹಚ್ಚಿ ಪಾತ್ರೆ ಇಡುವುದನ್ನು ಮರೆತಳು, ಸಾರಿಗೆ ಎರಡೆರಡು ಬಾರಿ ಉಪ್ಪು ಹಾಕಿದಳು, ಒಬ್ಬಳೇ ಮಾತಾಡತೊಡಗಿದಳು. ತವರಿಗೆ ಹೋಗಲು ಆಡುತ್ತಿರುವ ನಾಟಕ ಇದೆಲ್ಲ ಎಂದು ಅತ್ತೆ ಹೇಳಿದಳು. ನಾನು ಹುಡುಗಿಯ ತಲೆಯ ಕೆಳಗೆ ಕೈಯಿಟ್ಟು ಎತ್ತಿದೆ. ಕತ್ತು ಬಗ್ಗಲಿಲ್ಲ, ಮರದ ತುಂಡಿನಂತೆ ಭುಜಗಳೂ ಜೊತೆಯಲ್ಲೇ ಎದ್ದವು. ಎಡಗಣ್ಣು ಮೂಗಿನ ಕಡೆಗೆ ತಿರುಗಿ ನಿಂತಿತ್ತು. ಕಣ್ಣಿನ ನರವನ್ನು ಸೋಲಿಸುವಂಥ ನಾಟಕ ಆಡುವ ಕಲಾವಿದೆ ಯಾರೂ ಹುಟ್ಟಿಲ್ಲ.

ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ, ಈಗ ಇದೆಯೇ ಎಂದು ಕೇಳಿದೆ. ಇಂಥ ರೋಗಿಗೆ ಮೊದಲು ಕೇಳುವ ಪ್ರಶ್ನೆ ಅದೇ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮಿ, ಕೆಮ್ಮಿಗೆಂದು ಬಾಯಲ್ಲಿಟ್ಟ ಜ್ಯೇಷ್ಠಮಧುವಿನ ತುಂಡನ್ನು ದವಡೆಯ ಆ ಕಡೆಗೆ ಸರಿಸಿ, ತಮ್ಮದು ಅಂಥ ಮನೆತನವಲ್ಲ ಎಂದಳು. ಗಂಡ ನೆಲ ನೋಡಿದ. ಆ ಕೆಮ್ಮು ಎಷ್ಟು ದಿನದ್ದು ಎಂದು ಕೇಳಿದ್ದಕ್ಕೆ ಕೂಲರಿನ ಗಾಳಿ ಎಂಬ ಉತ್ತರ ಬಂತು. ಎದೆಯ ಎಕ್ಸ್‌ರೇ ತೆಗೆಸಿಕೊಳ್ಳಿ ಎಂದೆ. ರೋಗಿ ಮಂಚದ ಮೇಲಿದ್ದಾಳೆ, ಎದುರಿಗೆ ನಿಂತವರನ್ನು ರೋಗಿ ಮಾಡಬೇಡಿ ಎಂದು ನನಗೇ ಬುದ್ಧಿ ಹೇಳಿದಳು.

ಸ್ಕ್ಯಾನಿನಲ್ಲಿ ಸೂಜಿ ಹಾಕಬಾರದೆನ್ನುವಂಥ ಗಡ್ಡೆ, ಬಾವು ಯಾವುದೂ ಇರಲಿಲ್ಲ. ನೀರು ತೆಗೆಯಬೇಕು, ಒಪ್ಪಿಗೆಯ ಸಹಿ ಬೇಕು ಎಂದೆ. ಅಲ್ಲಿಂದ ಶುರುವಾಯಿತು.

"ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವ್ರೀ ಮೇಡಂ. ನಾಳೆ ಕುಂತಲ್ಲೇ ಕುಂತ್ರ ಆಕೀನ ಹೇಲು ಉಚ್ಚಿ ಯಾರು ಬಳೀಬೇಕ? ಅವರಪ್ಪ ಬಂದು ಸಹಿ ಮಾಡ್ಲಿ, ಆಮ್ಯಾಲೆ ಅಂವನ ಕರಕೊಂಡು ಹೋಗ್ಲಿ" ಎಂದಳು ಅತ್ತೆ. ಸೊಸೆ ಅಲ್ಲೇ ಮಲಗಿದ್ದಳು, ಕಿವಿ ಕೇಳುತ್ತಿತ್ತು.

ಹುಡುಗಿಯ ತಂದೆ ಇದೇ ಊರಿನಲ್ಲಿ ನೆಲೆಸಿದ ಕನ್ನಡದವರು, ಮದ್ದುಗುಂಡಿನ ಆರ್ಡ್‌ನೆನ್ಸ್ ಫ್ಯಾಕ್ಟರಿಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಸಿಟಿ ಬಸ್ಸಿನಲ್ಲಿ ಬೆವರುತ್ತ ಬಂದರು. ಸಹಿ ಮಾಡುವಿರಾ ಎಂದರೆ ಬೀಗಿತ್ತಿಯ ಮುಖ ನೋಡಿದರು. "ಕೊಟ್ಟ ಹೆಣ್ಣು ಕುಲಕ್ಕ ಹೊರಗ್ರೀ ಮೇಡಂ. ಅವರ ಮನಿ ಸೊಸಿ. ನಾ ಹೆಂಗ ಮಾಡ್ಲಿ?" ಎಂದರು. ಗಂಡನನ್ನು ಕೇಳಿದೆ, ಅವನು ತಾಯಿಯನ್ನು ನೋಡಿದ. ಸಹಿ ಹಾಕಿದವರ ತಲೆಗೇ ಮುಂದಿನ ಕಾಲು, ಮುಂದಿನ ಹೊಣೆ ಎರಡೂ ಬರುತ್ತವೆ ಎಂದು ಮೂವರಿಗೂ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ರೋಗಿ ಆ ಹಾವಿಗೂ ಕೋಲಿಗೂ ನಡುವೆ ಮಲಗಿದ್ದಳು.

ನಾನು ಸುಮ್ಮನೆ ಕೂರಲಿಲ್ಲ. ಬ್ಯಾಕ್ಟೀರಿಯಾಕ್ಕೆ ಔಷಧ, ಟಿಬಿಗೆ ಮಾಮೂಲಿ ಮಾತ್ರೆಗಳು, ಮೆದುಳಿನ ಊತಕ್ಕೆ ಸ್ಟೆರಾಯ್ಡ್, ಎಲ್ಲವನ್ನೂ ಅಂದಾಜಿನಲ್ಲೇ ಶುರುಮಾಡಿದೆ. ಆದರೆ ಕತ್ತಲೆಯಲ್ಲಿ ಕಲ್ಲು ಹೊಡೆದಂತೆ ಎಷ್ಟು ದಿನ ಹೊಡೆಯುವುದು? ಈ ಕಾಯಿಲೆಯಲ್ಲಿ ಕಳೆದ ದಿನಕ್ಕೆ ಮೆದುಳೇ ತೆರಿಗೆ ಕಟ್ಟಬೇಕು. ಮರುದಿನ ಬೆಳಿಗ್ಗೆ ಹುಡುಗಿಗೆ ತುಸು ಎಚ್ಚರ ಬಂದಿತ್ತು. ಊರಿನ ಹೆಸರು ಹೇಳಿದಳು, ತನಗೇನಾಗಿದೆ ಎಂದು ಕೇಳಿದಳು. ಬೇರೆಯವರನ್ನು ಹೊರಗೆ ಕಳಿಸಿ ಶಾವಿಗೆಯ ಪಾಠ ಹೇಳಿದೆ. ನಿನ್ನ ಬೆನ್ನು, ನಿನ್ನ ಜೀವ, ನೀನೇ ಒಪ್ಪಿಗೆ ಕೊಟ್ಟರೆ ಸಾಕು, ಬೇರೆ ಯಾರ ಸಹಿಯೂ ಬೇಡ ಎಂದೆ. ನೆಟ್ಟಗಿದ್ದ ಬಲಗಣ್ಣನ್ನು ಅವಳು ನನ್ನ ಕಡೆಗೆ ತಿರುಗಿಸಿದಳು.

"ಅತ್ತೀನ್ನ ಕೇಳ್ರಿ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಂಪರು. ಮಂಪರಿನಲ್ಲಿ ಅವಳದು ಒಂದೇ ಮಾತು: "ಗುಳಿಗಿ ತಗೊಂಡ್ರೇನ್ರಿ?" ನರ್ಸಿಗೂ ಅದೇ, ನೆಲ ಒರೆಸುವವಳಿಗೂ ಅದೇ. ಕನ್ನಡ ಬಾರದ ಮರಾಠಿ ನರ್ಸುಗಳಿಗೆ ನಾನೇ ಅರ್ಥ ಹೇಳಿದಾಗ ಅವರು ನಕ್ಕರು. ಮಾತ್ರೆ ನುಂಗಬೇಕಾದವಳು ನಮ್ಮನ್ನೇ ಕೇಳುತ್ತಾಳಲ್ಲ ಎಂದು. ನನಗೂ ಅದು ಜ್ವರದ ಬಡಬಡಿಕೆಯಾಗಿಯೇ ಕೇಳಿಸಿತು. ಅತ್ತೆ ಮಾತ್ರ ಆ ಮಾತು ಬಂದಾಗಲೆಲ್ಲ ಸೊಸೆಯ ಬಾಯಿಯ ಮೇಲೆ ಒದ್ದೆ ಬಟ್ಟೆ ಆಡಿಸುತ್ತಿದ್ದಳು.

ಸಂಜೆ ಆ ಹೆಂಗಸು ತಾನಾಗಿಯೇ ನನ್ನ ಕೋಣೆಗೆ ಬಂದಳು. ಈ ನೀರಿನ ಪರೀಕ್ಷೆಯಲ್ಲಿ ಟಿಬಿ ಇದ್ದರೆ ತಿಳಿಯುತ್ತದೆಯೇ ಎಂದು ಕೇಳಿದಳು. ಬಹಳ ಮಟ್ಟಿಗೆ ತಿಳಿಯುತ್ತದೆ ಎಂದೆ.

"ಮದಿವಿಗಿಂತ ಮೊದಲಿಂದ ಇದ್ದದ್ದೂ ಗೊತ್ತಾಗತೈತೇನ್ರಿ?"

ನಾನು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟೆ. ನೀರಿಗೆ ರೋಗದ ಹೆಸರು ಗೊತ್ತು, ಹುಟ್ಟಿದ ದಿನ ಗೊತ್ತಿಲ್ಲ, ಅದು ಎಂದಿನದೆಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅವಳು ತಲೆಯಾಡಿಸಿದಳು. ಟಿಬಿ ಅಂತ ಒಂದು ಕಾಗದ ಬಂದರೆ ಸಾಕು, ಉಳಿದದ್ದನ್ನು ಜನ ತಾವೇ ತಿಳಿದುಕೊಳ್ಳುತ್ತಾರೆ ಎಂದಳು. ಹೊರಗೆ ಹೋಗಿ ಮಗನಿಗೆ ಸಹಿ ಮಾಡಲು ಹೇಳಿದಳು. ಜೀವ ಉಳಿಸಲು ಸಿಗದ ಸಹಿ ಹುಡುಗಿಯನ್ನು ಹಿಂದಕ್ಕೆ ಕಳಿಸಲು ಸಿಕ್ಕಿತು. ನಾನು ಆ ಸಹಿಯನ್ನು ಎರಡೂ ಕೈಯಲ್ಲಿ ಬಾಚಿಕೊಂಡೆ. ನನಗೆ ಬೇಕಿದ್ದದ್ದು ನೀರು.

ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳನ್ನು ಹೊಟ್ಟೆಗೆ, ಗದ್ದವನ್ನು ಎದೆಗೆ ತಂದು, ತಾಯಿಯ ಹೊಟ್ಟೆಯಲ್ಲಿರುವ ಮಗುವಿನಂತೆ ಮಡಿಸಿ ನರ್ಸು ಹಿಡಿದುಕೊಂಡಳು. ಎಷ್ಟು ಹಗುರವಾಗಿದ್ದಳೆಂದರೆ ಬೆನ್ನಿನ ಎಲುಬುಗಳನ್ನು ಹುಡುಕಬೇಕಾಗಲಿಲ್ಲ. ಸೊಂಟದ ಎಲುಬಿನ ಅಂಚಿನ ಮಟ್ಟದಲ್ಲಿ ಬೆರಳಿಟ್ಟು ಜಾಗ ಗುರುತಿಸಿದೆ, ಔಷಧ ಬಳಿದೆ, ಮರಗಟ್ಟುವ ಚುಚ್ಚುಮದ್ದು ಕೊಟ್ಟೆ. ಉದ್ದನೆಯ ಸೂಜಿ ಒಳಗೆ ಹೋಗಿ, ಕೊನೆಯ ಪೊರೆ ದಾಟುವಾಗ ಕೈಗೆ ಸಿಗುವ ಸಣ್ಣ 'ಟಕ್' ಸಿಕ್ಕಿತು. ಒಳಗಿನ ಕಡ್ಡಿ ಎಳೆದಾಗ ನೀರು ಬಂತು. ಒತ್ತಡ ಅಳೆಯುವ ಕೊಳವೆಯಲ್ಲಿ ಮಟ್ಟ ಏರುತ್ತಲೇ ಹೋಯಿತು. ಆಮೇಲೆ ಹನಿ ಹನಿಯಾಗಿ ಬಾಟಲಿಗಳಿಗೆ ಹಿಡಿದೆ, ಟಿಬಿಯ ಹುಡುಕಾಟಕ್ಕೆ ತುಸು ಹೆಚ್ಚೇ ಬೇಕು. ನೀರು ತಿಳಿಯಾಗಿತ್ತು, ಆದರೆ ಬೆಳಕಿಗೆ ಹಿಡಿದರೆ ಒಣಹುಲ್ಲಿನ ಬಣ್ಣ. ಹೋಲಿಸಿ ನೋಡಲು ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿದೆವು. ಅತ್ತೆ ಬಾಗಿಲ ಸಂದಿಯಿಂದ ಸೊಸೆಯ ಕಾಲುಗಳನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಹುಡುಗಿ ಹೆಬ್ಬೆರಳು ಆಡಿಸಿದಳು. ಅತ್ತೆಯ ಮುಖದಲ್ಲಿ ನೆಮ್ಮದಿಯೂ ಕಾಣಲಿಲ್ಲ.

ಆವತ್ತೇ ಮೊದಲ ವರದಿ ಬಂತು. ಬಿಳಿಕಣಗಳು ಹೆಚ್ಚಿದ್ದವು, ಅವುಗಳಲ್ಲಿ ಬಹುಪಾಲು ಲಿಂಫೋಸೈಟುಗಳು. ಪ್ರೋಟೀನ್ ಬಹಳ ಏರಿತ್ತು. ಸಕ್ಕರೆ ರಕ್ತದಲ್ಲಿದ್ದುದರ ಅರ್ಧಕ್ಕಿಂತ ಎಷ್ಟೋ ಕಡಿಮೆ. ಅಲುಗಿಸದೆ ಇಟ್ಟಿದ್ದ ಬಾಟಲಿಯೊಂದರಲ್ಲಿ ಜೇಡರ ಬಲೆಯಂಥ ತೆಳು ಹೆಪ್ಪು ಇಳಿಬಿದ್ದಿತ್ತು. ಟಿಬಿಯ ಚಿತ್ರವೇ ಅದು. ಖಚಿತ ಮಾಡಲು ರೋಗಾಣುವಿನ ವಂಶವಾಹಿಯನ್ನು ಹುಡುಕುವ ಯಂತ್ರದ ಪರೀಕ್ಷೆ ಮರುದಿನ ಬರಬೇಕಿತ್ತು. ಅತ್ತೆಗೆ ಅಷ್ಟರವರೆಗೆ ತಾಳ್ಮೆ ಎಲ್ಲಿ? ವಾರ್ಡಿನ ಹೊರಗೆ, ಹತ್ತು ಜನ ಕೂತ ಬೆಂಚಿನ ಮುಂದೆ, ಬೀಗರನ್ನು ನಿಲ್ಲಿಸಿಕೊಂಡಳು.

"ಕ್ಷಯದ ಹುಡುಗೀನ್ನ ನಮ್ಮ ಕೊರಳಿಗೆ ಕಟ್ಟಿದ್ರಿ. ಹೆಂಡತಿ ಅದರಾಗ ಸತ್ತಾಳೇನು ನಿಮ್ಮಾಕಿ? ಖರೇ ಹೇಳ್ರಿ."

ಅವರ ಹೆಂಡತಿ ಸತ್ತದ್ದು ಹೃದಯದ ಕಾಯಿಲೆಯಿಂದ. ಅದನ್ನು ಅವರು ಹೇಳಲಿಲ್ಲ. ಕೈ ಮುಗಿದರು, ತಪ್ಪಾಯಿತು ಎಂದರು, ಗೊತ್ತಿರಲಿಲ್ಲ ಎಂದರು. ಬಗ್ಗಿ ಆಕೆಯ ಕಾಲು ಮುಟ್ಟಲು ಹೋದಾಗ ನಾನು ನಡುವೆ ಬಂದೆ. ಬಂದು ಏನು ಮಾಡಿದೆ? ಇದು ವಾರ್ಡು, ಗಲಾಟೆ ಮಾಡಬೇಡಿ ಎಂದೆ, ಅಷ್ಟೇ.

ಮರುದಿನ ಯಂತ್ರದ ಉತ್ತರ ಬಂತು. ಟಿಬಿಯ ರೋಗಾಣು ಇದೆ. ಅದರ ಕೆಳಗೆ ಇನ್ನೊಂದು ಸಾಲು: ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಈ ರೋಗಾಣು ಜಗ್ಗುವುದಿಲ್ಲ. ನಾನು ಅಂದಾಜಿನಲ್ಲಿ ಕೊಡುತ್ತಿದ್ದ ಮಾತ್ರೆಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಅದೇ. ಅಂದರೆ ಅಲ್ಲಿಯವರೆಗಿನ ಚಿಕಿತ್ಸೆ ಬಹುಪಾಲು ನೀರಿನಲ್ಲಿ ಹೋಮ. ಕೂಡಲೇ ಬೇರೆ ಔಷಧಗಳ ಗುಂಪಿಗೆ ಬದಲಿಸಿದೆವು.

ಆದರೆ ಆ ಸಾಲು ಇನ್ನೊಂದನ್ನೂ ಹೇಳುತ್ತಿತ್ತು. ಔಷಧಕ್ಕೆ ಜಗ್ಗದ ರೋಗಾಣು ಆಕಾಶದಿಂದ ಉದುರುವುದಿಲ್ಲ. ಮಾತ್ರೆಯನ್ನು ಅರ್ಧಂಬರ್ಧ ನುಂಗಿ ಬಿಟ್ಟವರ ಎದೆಯಲ್ಲಿ ಅದು ಪಳಗುತ್ತದೆ. ಹುಡುಗಿ ಇಲ್ಲಿಗೆ ಬರುವ ಮೊದಲು ಜನ್ಮದಲ್ಲಿ ಟಿಬಿ ಮಾತ್ರೆ ನುಂಗಿದವಳಲ್ಲ. ಹಾಗಾದರೆ ಪಳಗಿದ ರೋಗಾಣುವನ್ನೇ ಯಾರೋ ಅವಳ ಉಸಿರಿಗೆ ಕೊಟ್ಟಿರಬೇಕು. ಕ್ರಮದಂತೆ ಎರಡೂ ಮನೆಯವರ ತಪಾಸಣೆಯಾಗಬೇಕು ಎಂದೆ. ತಂದೆ ಎಕ್ಸ್‌ರೇಗೆ ಓಡಿಹೋಗಿ ನಿಂತರು, ಅವರ ಎದೆ ಶುಭ್ರವಾಗಿತ್ತು. ಮನೆಯಲ್ಲಿ ಟಿಬಿ ಔಷಧ ತೆಗೆದುಕೊಂಡು ನಡುವೆ ಬಿಟ್ಟವರು ಯಾರಾದರೂ ಇದ್ದಾರೆಯೇ ಎಂದು ಮತ್ತೆ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅತ್ತೆ, ತನ್ನ ಮೇಲೆ ಯಾರಾದರೂ ಬೆರಳು ತೋರಿಸಿದರೆ ನೆಟ್ಟಗಿರುವುದಿಲ್ಲ ಎಂದಳು. ಯಾರೂ ತೋರಿಸಿರಲಿಲ್ಲ.

ಗಂಡ ಆಮೇಲೆ ಒಬ್ಬನೇ ಬಂದ. ಕುರ್ಚಿಯಲ್ಲಿ ಕೂರಲಿಲ್ಲ.

"ಅವ್ವಗ ಐತ್ರಿ ಮೇಡಂ. ಮದಿವಿಗಿಂತ ಮೊದಲ ಒಮ್ಮೆ ಗುಳಿಗಿ ಶುರು ಮಾಡಿ ಬಿಟ್ಲು. ಮದಿವಿ ಆದಮ್ಯಾಲೆ ಮತ್ತ ಶುರು ಮಾಡಿದ್ವಿ. ನನ್ನ ಹೆಂಡತಿ ದಿನಾ ನೆನಪ ಮಾಡ್ತಿದ್ಲು. ಅವ್ವ ಹ್ಞೂಂ ಅಂತಿದ್ಲು. ಕೂಲರ್ ನೀರು ಕೆಂಪಗಾಗ್ತಿತ್ರಿ. ತಗಡಿಗೆ ಜಂಗ್ ಹಿಡದೈತಿ ಅಂದ್ಲು ಅವ್ವ. ತೊಳಿಯಾಕ ಹೋದಾಗ ತಳದಾಗ ಗುಳಿಗಿ ಸಿಕ್ಕುವು."

ರಿಫಾಂಪಿಸಿನ್ನಿಗೆ ಕೆಂಪು ಬಣ್ಣ. ನುಂಗಿದವರ ಮೂತ್ರ, ಬೆವರು, ಕಣ್ಣೀರು ಕೂಡ ಕೇಸರಿಯಾಗುತ್ತವೆ. ನುಂಗಿದರೆ ವಾಂತಿ ಬರುತ್ತದೆಂದು ಅತ್ತೆ ಅದನ್ನು ಕೂಲರಿನ ತೊಟ್ಟಿಗೆ ಹಾಕುತ್ತಿದ್ದಳು. ಮಗ ರಾತ್ರಿ ಪಾಳಿಗೆ ಹೋದಾಗ ಸೊಸೆಯನ್ನು ತನ್ನ ಕೋಣೆಯಲ್ಲಿ ಮಲಗಿಸಿಕೊಂಡು ಕಾಲು ಒತ್ತಿಸಿಕೊಳ್ಳುತ್ತಿದ್ದಳು, ಚಳಿಗಾಲವೆಲ್ಲ ಕಿಟಕಿ ಮುಚ್ಚಿ. ಒಂದು ಗಂಟೆಯ ಕೆಮ್ಮಲ್ಲ, ವರ್ಷದ ಕೆಮ್ಮು. ಇಷ್ಟು ಗೊತ್ತಿದ್ದೂ ಮೊದಲ ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನನ್ನು ಕೇಳಿದೆ. ಮದುವೆಯ ಮಾತಿನಲ್ಲಿ ಮುಚ್ಚಿಟ್ಟದ್ದು ಹೊರಗೆ ಬಂದರೆ ಮಾನ ಹೋಗುತ್ತದೆ ಎಂದ. ಅವನ ಕೆನ್ನೆಗೆ ಬಾರಿಸುವ ಆಸೆಯಾಯಿತು ನನಗೆ. ಈಗಲೂ ಆಗುತ್ತದೆ.

ಅತ್ತೆಯ ಕಫದಲ್ಲಿ ಅದೇ ರೋಗಾಣು, ಅದೇ ಹಟ ಕಂಡಿತು. ವರದಿ ನೋಡಿ ಆಕೆ ಅಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ನನ್ನ ರೋಗದ ಮಾತು ನಿಮ್ಮ ಬಾಯಿಂದ ಹೊರಗೆ ಹೋಗಕೂಡದು, ಬೀಗರ ಕಿವಿಗಂತೂ ಬೀಳಕೂಡದು, ಅದು ನಿಮ್ಮ ಧರ್ಮ ಎಂದಳು. ಸರಿಯಾಗಿಯೇ ಹೇಳಿದಳು. ಈಗ ಆಕೆಯೂ ರೋಗಿ. ಒಬ್ಬ ರೋಗಿಯ ಗುಟ್ಟನ್ನು ಅವಳ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ನೀನಾದರೂ ಮಾವನಿಗೆ ಹೇಳು ಎಂದು ಮಗನಿಗೆ ಹೇಳಿದೆ. ಅವನು ಹ್ಞೂಂ ಎಂದ. ಆ ಮನೆಯ ಹ್ಞೂಂ ಯಾವ ಜಾತಿಯದು ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಹೀಗಾಗಿ ನಾನು ವಾರಗಟ್ಟಲೆ ಆ ತಂದೆಯನ್ನು ನೋಡಿದೆ, ಬಾಯಿ ಮುಚ್ಚಿಕೊಂಡು. ಔಷಧಕ್ಕೆ ಬಗ್ಗದ ಟಿಬಿ ಎಂದು ಕೇಳಿದ ಮೇಲೆ ಅದನ್ನೂ ತಮ್ಮ ರಕ್ತದ ದೊಡ್ಡ ಅಪರಾಧವೆಂದು ತಿಳಿದು ಇನ್ನಷ್ಟು ಕುಗ್ಗಿದರು, ಮಗಳ ಮುಂದೆ ಮಾತ್ರ ಆ ಮಾತು ಎತ್ತಲಿಲ್ಲ. ಬೀಗಿತ್ತಿಗೆ ಮನೆಯಿಂದ ಚಹಾ ತರುತ್ತಿದ್ದರು. ಹುಡುಗಿ ಬದುಕಿದಳು. ಜ್ವರ ಇಳಿಯಿತು, ಕತ್ತು ಸಡಿಲವಾಯಿತು, ಕಾಲುಗಳು ಚೆನ್ನಾಗಿಯೇ ನಡೆದವು, ಎಲ್ಲರೂ ಹೆದರಿದ್ದ ಆ ಕಾಲುಗಳು. ಕಣ್ಣು ಹೋಯಿತು, ಎರಡೂ. ಮೆದುಳಿನ ತಳದಲ್ಲಿ ಕಣ್ಣಿನ ನರಗಳು ಕೂಡುವ ಜಾಗದಲ್ಲಿ ಉರಿಯೂತದ ಅಂಟು ಕಟ್ಟಿ ನರಗಳನ್ನು ಹಿಸುಕಿತ್ತು. ಸರಿಯಾದ ಔಷಧ ಇನ್ನಷ್ಟು ಬೇಗ ಸಿಕ್ಕಿದ್ದರೆ ಉಳಿಯುತ್ತಿತ್ತೇ? ಉಳಿಯುತ್ತಿತ್ತೆಂದು ಆಣೆ ಮಾಡಲಾರೆ, ಆದರೆ ಮೊದಲ ದಿನ ಕೇಳಿದ ಒಂದು ಪ್ರಶ್ನೆಗೆ ನಿಜ ಹೇಳಿದ್ದರೆ ಆ ಅವಕಾಶವಾದರೂ ಇರುತ್ತಿತ್ತು.

ಬಿಡುಗಡೆಯ ದಿನ ಅತ್ತೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಂದಳು, ಸೊಸೆಯನ್ನು ಒಯ್ಯಲು ಅಲ್ಲ, ತಂದೆಯ ಕೈಗೆ ಒಪ್ಪಿಸಲು. ಕುರುಡಿ, ರೋಗಿಷ್ಠೆ, ನಮ್ಮ ಮನೆಗೆ ಆಗುವುದಿಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು. ಗಂಡ ಆಟೋ ತರುತ್ತೇನೆಂದು ಕೆಳಗೆ ಹೋಗಿದ್ದ. ತಂದೆ ಮಗಳ ಬಟ್ಟೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಇಷ್ಟು ದಿನ ನಿಮಗೆ ತ್ರಾಸು ಕೊಟ್ಟೆವು, ಕ್ಷಮಾ ಮಾಡಿರಿ ಎಂದು ಬೀಗಿತ್ತಿಗೆ ಕೈ ಮುಗಿದು ನಿಂತಿದ್ದರು. ನಾನು ಔಷಧದ ವಿವರ ಹೇಳಲು ಮಂಚದ ಪಕ್ಕದಲ್ಲಿದ್ದೆ.

ಅತ್ತೆ ಕೆಮ್ಮಿದಳು. ಹುಡುಗಿ ಆ ಕೆಮ್ಮು ಬಂದ ಕಡೆಗೆ ಮುಖ ತಿರುಗಿಸಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಕೇಳುತ್ತಿದ್ದಿರಬಹುದಾದ ದನಿಯಲ್ಲೇ ಕೇಳಿದಳು.

"ಅತ್ತಿ, ಗುಳಿಗಿ ತಗೊಂಡ್ರೇನ್ರಿ?"

ಅತ್ತೆ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು. ತಂದೆ ಮಗಳನ್ನು ನೋಡಿದರು, ಮಾಸ್ಕ್ ಕಟ್ಟಿದ ಮುಖವನ್ನು ನೋಡಿದರು, ಆಮೇಲೆ ನನ್ನನ್ನು. ಯಾವ ಗುಳಿಗೆ ಎಂದು ಕೇಳಿದರು. ನಾನು ಹೇಳುವಂತಿರಲಿಲ್ಲ, ಕೈಯಲ್ಲಿದ್ದ ಔಷಧದ ಪಟ್ಟಿಯನ್ನು ಮಡಿಸಿದೆ.

"ಟಿಬಿದು, ಅಪ್ಪಾ. ಅತ್ತೀದು" ಎಂದಳು ಹುಡುಗಿ. "ನಾ ನೆನಪ ಮಾಡ್ಲಿಲ್ಲಂದ್ರ ಮರೀತಾರ ಅವರು."

ಆಟೋ ಬಂದಿದೆಯೆಂದು ಅಳಿಯ ಬಾಗಿಲಲ್ಲಿ ಬಂದು ಹೇಳಿದ. ಬೀಗಿತ್ತಿಯ ಎದುರು ತಂದೆಯ ಕೈಗಳು ಇನ್ನೂ ಮುಗಿದೇ ಇದ್ದವು, ಬಿಡಿಸುವುದನ್ನು ಅವರು ಮರೆತಿದ್ದರು.